ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ: ಕಾಲೇಜಿನಿಂದ ಎನ್‌ಒಸಿ ಪಡೆಯುವ, ಫಾರಂಗಳನ್ನು ಮುಗಿಸುವ ಸಮಗ್ರ ಮಾರ್ಗದರ್ಶಿ

ಕಂಪನಿಯ ಆಫರ್ ಮೇಲ್‌ನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಸೇರುವ ಮೊದಲು ನಿಮ್ಮ ಕಾಲೇಜಿನಿಂದ ಎನ್‌ಒಸಿ ಕಳುಹಿಸಿ. ಎನ್‌ಒಸಿ ಎಂದರೆ ನಿರಾಕ್ಷೇಪಣಾ ಪತ್ರ. ಒಂದೇ ಪುಟದ ಕಾಗದವಾದರೂ ಅದರ ಹಿಂದೆ ನಾಲ್ಕೈದು ಸಹಿ, ಆರೇಳು ಲಗತ್ತು ಇರುತ್ತವೆ. ವಿದ್ಯಾರ್ಥಿಗಳು ದಿನಗಟ್ಟಲೆ ಅಲೆಯುವುದು ಸಹಿಗಾಗಿ ಎಂದುಕೊಳ್ಳುತ್ತೇವೆ. ನಿಜವಾಗಿ ಅಲೆಸುವುದು ಒಂದು ಕಾಗದದಲ್ಲಿರುವ ದಿನಾಂಕ ಅಥವಾ ಹೆಸರು ಇನ್ನೊಂದು ಕಾಗದದಲ್ಲಿ ಬೇರೆಯಾಗಿರುವುದು. ಆದ್ದರಿಂದ ಇಲ್ಲಿ ಹೆಚ್ಚಿನ ಗಮನ ಆ ಎರಡು ವಿಷಯಗಳ ಮೇಲಿದೆ.

ಉದಾಹರಣೆಗೆ ಒಬ್ಬ ವಿದ್ಯಾರ್ಥಿನಿಯನ್ನು ಇಟ್ಟುಕೊಳ್ಳೋಣ. ಹಾಸನದಲ್ಲಿರುವ, ವಿಟಿಯುಗೆ ಸೇರಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. 2022ರಲ್ಲಿ ಸೇರಿದವಳು, 2026ರ ಆರಂಭದಲ್ಲಿ ಎಂಟನೇ ಸೆಮಿಸ್ಟರ್‌ಗೆ ಬರುತ್ತಾಳೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಜನವರಿ 5ರಂದು ಆಫರ್ ಬಂದಿದೆ, ಫೆಬ್ರವರಿ 2ರಂದು ಸೇರಬೇಕು. ಕೈಯಲ್ಲಿ ನಾಲ್ಕು ವಾರ ಇದೆ. ನಾಲ್ಕು ವಾರ ಧಾರಾಳ ಎನಿಸುತ್ತದೆ. ಆದರೆ ನಡುವೆ ಸಂಕ್ರಾಂತಿ ಇದೆ. 24ನೇ ತಾರೀಖು ನಾಲ್ಕನೇ ಶನಿವಾರ, 25 ಭಾನುವಾರ, 26 ಸೋಮವಾರ ಗಣರಾಜ್ಯೋತ್ಸವ. ಕಚೇರಿ ತೆರೆದಿರುವ ದಿನಗಳನ್ನು ಎಣಿಸಿದರೆ ಮೂರು ವಾರಕ್ಕಿಂತ ಹೆಚ್ಚಿಲ್ಲ.

ಪ್ರಾಂಶುಪಾಲರು ಸಹಿ ಹಾಕುವ ಮೊದಲು ಏನು ನೋಡುತ್ತಾರೆ

ಎನ್‌ಒಸಿ ಮೂರು ಮಾತು ಹೇಳುತ್ತದೆ. ಈಕೆ ನಮ್ಮ ವಿದ್ಯಾರ್ಥಿನಿ. ಈ ದಿನದಿಂದ ಈ ದಿನದವರೆಗೆ ನಿಮ್ಮಲ್ಲಿ ಇಂಟರ್ನ್‌ಶಿಪ್ ಮಾಡಲು ನಮ್ಮ ಆಕ್ಷೇಪವಿಲ್ಲ. ಇದು ಆಕೆಯ ಕೋರ್ಸಿನ ಭಾಗ. ಮೊದಲ ಮಾತನ್ನು ಮಾತ್ರ ಹೇಳುವ ಪತ್ರಕ್ಕೆ ಬೋನಫೈಡ್ ಎನ್ನುತ್ತಾರೆ, ಅದನ್ನು ಕಚೇರಿಯ ಗುಮಾಸ್ತರು ಒಂದೆರಡು ದಿನದಲ್ಲಿ ಕೊಟ್ಟುಬಿಡುತ್ತಾರೆ. ಕಂಪನಿ ಎನ್‌ಒಸಿ ಕೇಳಿದಾಗ ಬೋನಫೈಡ್ ಕಳುಹಿಸಿದರೆ ಅದು ವಾಪಸ್ ಬರುತ್ತದೆ, ಏಕೆಂದರೆ ಅದರಲ್ಲಿ ಅವಧಿಯೂ ಇಲ್ಲ, ಒಪ್ಪಿಗೆಯೂ ಇಲ್ಲ.

ಕಾಲೇಜಿನ ಕಡೆಯಿಂದ ನೋಡಿದರೆ, ಎರಡನೆಯ ಮಾತು ಒಂದು ಹೊಣೆ. ಆ ಅವಧಿಯಲ್ಲಿ ವಿದ್ಯಾರ್ಥಿನಿ ತರಗತಿಯಲ್ಲಿಲ್ಲ ಎಂದು ಒಪ್ಪಿಕೊಂಡಂತೆ. ವಿಟಿಯು ನಿಯಮದಂತೆ ಹಾಜರಾತಿ ಶೇ. 85 ಇರಬೇಕು. ತರಗತಿಗಳಿರುವ ಸೆಮಿಸ್ಟರ್‌ನಲ್ಲಿ ನಾಲ್ಕು ತಿಂಗಳ ಇಂಟರ್ನ್‌ಶಿಪ್‌ಗೆ ಒಪ್ಪಿದರೆ ಆ ಹಾಜರಾತಿಗೆ ಉತ್ತರ ಹೇಳುವವರು ಎಚ್‌ಒಡಿ. ಹಾಗಾಗಿ ಮೊದಲು ದಿನಾಂಕ ನೋಡುತ್ತಾರೆ. ಆಮೇಲೆ ಕಂಪನಿ ನಿಜವಾದದ್ದೇ ಎಂಬುದು, ಬಳಿಕ ಶುಲ್ಕ ಬಾಕಿ, ಹಿಂದಿನ ಸೆಮಿಸ್ಟರ್‌ಗಳ ವಿಷಯಗಳು ಬಾಕಿ ಇವೆಯೇ ಎಂಬುದು. ಈ ಕ್ರಮ ನೆನಪಿನಲ್ಲಿದ್ದರೆ ಯಾವ ಕಾಗದವನ್ನು ಮೇಲಿಡಬೇಕು ಎಂದು ತಾನಾಗಿಯೇ ಹೊಳೆಯುತ್ತದೆ.

ಮೊದಲ ಕೆಲಸ ದಿನಾಂಕ

2022ರ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ನ ಮುಖ್ಯ ಭಾಗವೇ ಇಂಟರ್ನ್‌ಶಿಪ್. ಅದಕ್ಕೆ 10 ಕ್ರೆಡಿಟ್; ಅವಧಿ 14ರಿಂದ 20 ವಾರ. ಅದರ ಜೊತೆಗೆ ಆನ್‌ಲೈನ್‌ನಲ್ಲಿ ಮುಗಿಸುವ ಎಲೆಕ್ಟಿವ್ ಕೋರ್ಸ್‌ಗಳಿವೆ. ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲು ಬದಲು ಮಾಡಿಕೊಳ್ಳಲು ವಿಶ್ವವಿದ್ಯಾಲಯ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಅಂದರೆ ಕೆಲವು ಕಡೆ ಆರನೇ ಸೆಮಿಸ್ಟರ್ ಮುಗಿದೊಡನೆ ಇಂಟರ್ನ್‌ಶಿಪ್, ಆಮೇಲೆ ತರಗತಿ. ಪಕ್ಕದ ಕಾಲೇಜಿನ ಗೆಳೆಯನಿಗೆ ಯಾವಾಗ ಇಂಟರ್ನ್‌ಶಿಪ್ ಎಂಬುದು ನಿಮಗೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಿಭಾಗದ ನೋಟಿಸ್ ಬೋರ್ಡಿನಲ್ಲಿರುವ ಅಕಾಡೆಮಿಕ್ ಕ್ಯಾಲೆಂಡರ್ ಒಂದೇ ಲೆಕ್ಕ. ಸ್ವಾಯತ್ತ ಕಾಲೇಜುಗಳಿಗೆ ಅವರದೇ ಕ್ಯಾಲೆಂಡರ್ ಇರುತ್ತದೆ.

ನಮ್ಮ ಉದಾಹರಣೆಯಲ್ಲಿ ಕಂಪನಿಯ ಆಫರ್ ಲೆಟರ್‌ನಲ್ಲಿ ‘ಆರು ತಿಂಗಳ ಇಂಟರ್ನ್‌ಶಿಪ್’ ಎಂದಷ್ಟೇ ಇದೆ. ಫೆಬ್ರವರಿ 2ರಿಂದ ಆರು ತಿಂಗಳು ಎಂದರೆ ಆಗಸ್ಟ್ 1. ಅಷ್ಟರಲ್ಲಿ ಎಂಟನೇ ಸೆಮಿಸ್ಟರ್‌ನ ವೈವಾ ಮುಗಿದು, ಆಕೆ ಕಾಲೇಜಿನ ವಿದ್ಯಾರ್ಥಿನಿಯಾಗಿಯೇ ಉಳಿದಿರುವುದಿಲ್ಲ. ತಮ್ಮ ಸೆಮಿಸ್ಟರ್ ಮುಗಿದ ಮೇಲಿನ ದಿನಗಳಿಗೆ ಒಪ್ಪಿಗೆ ಕೊಡಲು ಪ್ರಾಂಶುಪಾಲರಿಗೆ ಬರುವುದಿಲ್ಲ, ಆದ್ದರಿಂದ ಆ ಪತ್ರ ಎಚ್‌ಒಡಿ ಮೇಜಿನಲ್ಲೇ ನಿಲ್ಲುತ್ತದೆ. ಎನ್‌ಒಸಿ ನಿರಾಕರಿಸಿದರು ಎಂದು ಹೇಳುವ ಪ್ರಕರಣಗಳಲ್ಲಿ ಬಹಳಷ್ಟು ಇಂಥವೇ.

ಇದಕ್ಕೆ ದಾರಿ ಅವಧಿಯನ್ನು ಎರಡಾಗಿ ಒಡೆಯುವುದು. ಫೆಬ್ರವರಿ 2, ಸೋಮವಾರದಿಂದ 16 ವಾರ ಎಣಿಸಿದರೆ ಮೇ 22, ಶುಕ್ರವಾರಕ್ಕೆ ಮುಗಿಯುತ್ತದೆ. 14ಕ್ಕಿಂತ ಕಡಿಮೆಯಲ್ಲ, 20ಕ್ಕಿಂತ ಹೆಚ್ಚಲ್ಲ. ಕಂಪನಿಗೆ ಹೀಗೆ ಮೇಲ್ ಬರೆಯಿರಿ: ‘ವಿಶ್ವವಿದ್ಯಾಲಯದ ಅವಧಿಗೆ ಸರಿಹೊಂದುವಂತೆ ಆಫರ್ ಲೆಟರ್‌ನಲ್ಲಿ 02-02-2026ರಿಂದ 22-05-2026 ಎಂದು ನಮೂದಿಸಿಕೊಡಿ. ಅದಾದ ಮೇಲಿನ ಅವಧಿಯನ್ನು ಪ್ರತ್ಯೇಕ ಪತ್ರದಲ್ಲಿ ಕೊಡಬಹುದು.’ ಹೆಚ್ಚಿನ ಎಚ್‌ಆರ್ ವಿಭಾಗಗಳಿಗೆ ಈ ಕೋರಿಕೆ ಹೊಸದಲ್ಲ. ಇದನ್ನು ಆಫರ್ ಬಂದ ದಿನವೇ ಮಾಡಬೇಕು, ಏಕೆಂದರೆ ಮುಂದಿನ ಎಲ್ಲ ಕಾಗದಗಳೂ ಈ ಎರಡು ದಿನಾಂಕಗಳ ಮೇಲೆ ನಿಂತಿವೆ.

ತಿದ್ದಿದ ಪತ್ರ ಬಂದಾಗ ಇನ್ನೂ ಕೆಲವನ್ನು ನೋಡಿಕೊಳ್ಳಿ. ಕಂಪನಿಯ ಲೆಟರ್‌ಹೆಡ್ ಇರಬೇಕು, ಕೆಲಸ ಮಾಡುವ ಸ್ಥಳ ಇರಬೇಕು, ಮನೆಯಿಂದಲೇ ಕೆಲಸವಾದರೆ ಹಾಗೆಂದು ಸ್ಪಷ್ಟವಾಗಿ ಬರೆದಿರಬೇಕು. ಸ್ಟೈಪೆಂಡ್ ಇದೆಯೋ ಇಲ್ಲವೋ, ಮೇಲ್ವಿಚಾರಕರ ಹೆಸರು, ಕಂಪನಿಯ ಡೊಮೇನ್‌ನ ಮೇಲ್ ವಿಳಾಸ, ಇವೂ ಬೇಕು. ಉಚಿತ ಮೇಲ್ ವಿಳಾಸದಿಂದ ಬಂದ, ಇಂಟರ್ನ್‌ಶಿಪ್‌ಗೆ ವಿದ್ಯಾರ್ಥಿಯಿಂದಲೇ ‘ನೋಂದಣಿ ಶುಲ್ಕ’ ಕೇಳುವ ಪತ್ರವನ್ನು ಪ್ಲೇಸ್‌ಮೆಂಟ್ ಅಧಿಕಾರಿಗಳು ಅನುಮಾನದಿಂದ ನೋಡುತ್ತಾರೆ. ಅದು ಸರಿಯಾದ ಅನುಮಾನವೇ.

ಎಂಟನೇ ಸೆಮಿಸ್ಟರ್‌ನ ಆನ್‌ಲೈನ್ ಕೋರ್ಸ್‌ಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅವನ್ನು ಎನ್‌ಪಿಟಿಇಎಲ್ ಮೂಲಕ ಮಾಡುವವರು ಕೊನೆಯ ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ನೋಂದಣಿ ಮಾಡುವಾಗ ಅಭ್ಯಾಸಬಲದಿಂದ ಹಾಸನ ಎಂದು ಒತ್ತಿಬಿಟ್ಟರೆ, ಪರೀಕ್ಷೆಯ ದಿನ ಬೆಂಗಳೂರಿನಿಂದ ಬರಬೇಕಾಗುತ್ತದೆ. ಇಂಟರ್ನ್‌ಶಿಪ್ ಎಲ್ಲಿ ಎಂಬುದು ಖಚಿತವಾದ ಮೇಲೆ ಪರೀಕ್ಷಾ ನಗರವನ್ನು ಆರಿಸಿ.

ಹೆಸರು ಮತ್ತು ಇನಿಶಿಯಲ್

ಕರ್ನಾಟಕದ ವಿದ್ಯಾರ್ಥಿಗಳಿಗೆ ಅಂಟಿಕೊಂಡೇ ಬರುವ ತೊಂದರೆ ಇದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಕಾವ್ಯ ಎಸ್’ ಎಂದಿರುತ್ತದೆ, ವಿಟಿಯು ದಾಖಲೆಯಲ್ಲೂ ಹಾಗೆಯೇ. ಆಧಾರ್‌ನಲ್ಲಿ ‘ಕಾವ್ಯ ಶಿವಣ್ಣ’ ಆಗಿರಬಹುದು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಎಸ್ ಕಾವ್ಯ’. ಕಂಪನಿಯ ಆನ್‌ಲೈನ್ ಫಾರಂ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಕೇಳುತ್ತದೆ; ಕೊನೆಯ ಹೆಸರಿನಲ್ಲಿ ಒಂದೇ ಅಕ್ಷರ ತುಂಬಿದರೆ ಕೆಲವು ಫಾರಂಗಳು ಒಪ್ಪುವುದಿಲ್ಲ. ಆಗ ಅವಸರದಲ್ಲಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತುಂಬಿಬಿಡುತ್ತಾರೆ. ಆಫರ್ ಲೆಟರ್ ಆ ಹೆಸರಿನಲ್ಲೇ ಮುದ್ರಣವಾಗುತ್ತದೆ. ಕಾಲೇಜು ಎನ್‌ಒಸಿಯಲ್ಲಿ ತನ್ನ ದಾಖಲೆಯ ಹೆಸರನ್ನಷ್ಟೇ ಬರೆಯುತ್ತದೆ. ಎರಡೂ ಕಂಪನಿಯ ಪರಿಶೀಲನೆ ವಿಭಾಗಕ್ಕೆ ಹೋದಾಗ ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ.

ಒಂದು ನಿಯಮ ಇಟ್ಟುಕೊಳ್ಳಿ: ಕಾಲೇಜು ಮತ್ತು ಇಂಟರ್ನ್‌ಶಿಪ್‌ಗೆ ಸಂಬಂಧಿಸಿದ ಕಾಗದಗಳೆಲ್ಲ ಎಸ್‌ಎಸ್‌ಎಲ್‌ಸಿ ಕಾರ್ಡಿನ ಹೆಸರಿನಲ್ಲಿ, ಹಣಕ್ಕೆ ಸಂಬಂಧಿಸಿದವು ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರಿನಲ್ಲಿ. ಎರಡರ ನಡುವೆ ವ್ಯತ್ಯಾಸವಿದ್ದರೆ ಮುಚ್ಚಿಡಬೇಡಿ, ಎಚ್‌ಆರ್‌ಗೆ ಮೊದಲೇ ಒಂದು ಸಾಲು ಬರೆಯಿರಿ: ‘ನನ್ನ ಶೈಕ್ಷಣಿಕ ದಾಖಲೆಗಳಲ್ಲಿ ಕಾವ್ಯ ಎಸ್ ಎಂದೂ ಪ್ಯಾನ್‌ನಲ್ಲಿ ಕಾವ್ಯ ಶಿವಣ್ಣ ಎಂದೂ ಇದೆ, ಎಸ್ ಎಂಬುದು ತಂದೆಯ ಹೆಸರಾದ ಶಿವಣ್ಣ.’ ಹೆಚ್ಚಿನ ಕಂಪನಿಗಳು ಇಷ್ಟಕ್ಕೆ ಒಪ್ಪುತ್ತವೆ. ಕೆಲವು ಅಫಿಡವಿಟ್ ಕೇಳುತ್ತವೆ. ಕೇಳಿದರೆ ಮಾತ್ರ ಮಾಡಿಸಿ, ಮೊದಲೇ ಮಾಡಿಸಿ ಹಣ ಖರ್ಚು ಮಾಡಬೇಕಿಲ್ಲ.

ಯುಎಸ್‌ಎನ್ ಕೂಡ ಇದೇ ಜಾತಿಗೆ ಸೇರಿದ್ದು. ಅದರಲ್ಲಿ ಸೊನ್ನೆ ಎಲ್ಲಿದೆ, ಇಂಗ್ಲಿಷಿನ ‘ಓ’ ಅಕ್ಷರ ಎಲ್ಲಿದೆ ಎಂಬುದು ಟೈಪಿಸ್ಟ್‌ಗೆ ಗೊತ್ತಿರುವುದಿಲ್ಲ. ಕೈಬರಹದಲ್ಲಿ ಕೊಡಬೇಡಿ, ಟೈಪ್ ಮಾಡಿ ಕೊಡಿ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ನೇರವಾಗಿ ಸೇರಿದವರ ಯುಎಸ್‌ಎನ್‌ನಲ್ಲಿ ವರ್ಷ ಒಂದು ಮುಂದಿರುತ್ತದೆ, ಕ್ರಮಸಂಖ್ಯೆ 400ರಿಂದ ಶುರುವಾಗುತ್ತದೆ. ಕಂಪನಿಯ ಫಾರಂನಲ್ಲಿ ‘12ನೇ ತರಗತಿ’ ಖಾನೆಗೆ ಇವರು ಡಿಪ್ಲೊಮಾ ವಿವರವನ್ನೇ ತುಂಬಬೇಕು, ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ ಎಂದು ಮರಳುತ್ತದೆ.

ಅರ್ಜಿ

ಪ್ರಾಂಶುಪಾಲರಿಗೆ ನೇರವಾಗಿ ಬರೆದ ಅರ್ಜಿ ‘ಎಚ್‌ಒಡಿ ಮೂಲಕ ಬನ್ನಿ’ ಎಂದು ಹಿಂದಿರುಗುತ್ತದೆ. ಆದ್ದರಿಂದ ವಿಳಾಸದ ಕೆಳಗೆ ‘ಮೂಲಕ’ ಎಂಬ ಸಾಲು ಇರಲೇಬೇಕು. ಕನ್ನಡದಲ್ಲೇ ಬರೆಯಬಹುದು:

> ಇವರಿಗೆ,
> ಪ್ರಾಂಶುಪಾಲರು, (ಕಾಲೇಜಿನ ಹೆಸರು), ಹಾಸನ
>
> ಮೂಲಕ: ವಿಭಾಗದ ಮುಖ್ಯಸ್ಥರು, ಕಂಪ್ಯೂಟರ್ ಸೈನ್ಸ್ ವಿಭಾಗ
>
> ವಿಷಯ: 8ನೇ ಸೆಮಿಸ್ಟರ್ ಇಂಟರ್ನ್‌ಶಿಪ್‌ಗಾಗಿ ನಿರಾಕ್ಷೇಪಣಾ ಪತ್ರ ಕೋರಿ
>
> ಮಾನ್ಯರೇ,
>
> ನಾನು ಕಂಪ್ಯೂಟರ್ ಸೈನ್ಸ್ ವಿಭಾಗದ 8ನೇ ಸೆಮಿಸ್ಟರ್ ವಿದ್ಯಾರ್ಥಿನಿ, ಯುಎಸ್‌ಎನ್ (…). ಬೆಂಗಳೂರಿನ (ಕಂಪನಿಯ ಹೆಸರು) ಸಂಸ್ಥೆಯಲ್ಲಿ 02-02-2026ರಿಂದ 22-05-2026ರವರೆಗೆ, 16 ವಾರಗಳ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೇನೆ. ಈ ಅವಧಿ ನಮ್ಮ ಅಕಾಡೆಮಿಕ್ ಕ್ಯಾಲೆಂಡರ್‌ನ ಇಂಟರ್ನ್‌ಶಿಪ್ ಅವಧಿಯೊಳಗೇ ಇದೆ. ಸಂಸ್ಥೆಯು 23-01-2026ರೊಳಗೆ ನಿರಾಕ್ಷೇಪಣಾ ಪತ್ರ ಸಲ್ಲಿಸುವಂತೆ ಕೇಳಿದೆ. ಆಫರ್ ಲೆಟರ್, ಶುಲ್ಕದ ರಸೀದಿ, ಹಿಂದಿನ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಪ್ರತಿಗಳು, ಪೋಷಕರ ಒಪ್ಪಿಗೆ ಪತ್ರ ಹಾಗೂ ಎನ್‌ಒಸಿ ಕರಡನ್ನು ಲಗತ್ತಿಸಿದ್ದೇನೆ. ದಯವಿಟ್ಟು ನಿರಾಕ್ಷೇಪಣಾ ಪತ್ರ ನೀಡಬೇಕಾಗಿ ಕೋರುತ್ತೇನೆ.

‘ಕ್ಯಾಲೆಂಡರ್‌ನ ಅವಧಿಯೊಳಗೇ ಇದೆ’ ಎಂಬ ವಾಕ್ಯವನ್ನು ಬಿಡಬೇಡಿ. ಎಚ್‌ಒಡಿ ಮೊದಲು ಕೇಳುವ ಪ್ರಶ್ನೆಗೆ ಅದು ಉತ್ತರ. ಕಂಪನಿಯ ಗಡುವನ್ನೂ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಕಂಪನಿ 28ರವರೆಗೆ ಸಮಯ ಕೊಟ್ಟಿದ್ದರೆ ಅದನ್ನೇ ಬರೆಯಬೇಕು, ಸುಳ್ಳು ಗಡುವು ಬರೆಯಬಾರದು. ಆದರೆ ಮೂರು ದಿನದ ರಜೆ ಮೊದಲೇ ಬರುವುದರಿಂದ 23ರೊಳಗೆ ಪತ್ರ ಸಿಕ್ಕರೆ ಅನುಕೂಲ ಎಂದು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಬಹುದು.

ಎನ್‌ಒಸಿಯ ಕರಡನ್ನು ನೀವೇ ಕೊಡಿ

ಹಲವು ಕಾಲೇಜುಗಳಲ್ಲಿ ಸಿದ್ಧ ನಮೂನೆ ಇರುತ್ತದೆ, ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೇಳಿ ಅದನ್ನೇ ಬಳಸಿ. ಕಂಪನಿಯೇ ತನ್ನ ನಮೂನೆ ಕಳುಹಿಸಿದ್ದರೆ ಅದನ್ನು ಪ್ಲೇಸ್‌ಮೆಂಟ್ ಅಧಿಕಾರಿಗೆ ತೋರಿಸಿ, ಯಾವುದು ಎಂದು ಅವರು ತೀರ್ಮಾನಿಸಲಿ. ಎರಡೂ ಇಲ್ಲದಿದ್ದರೆ ಕರಡು ಬರೆದು ಕೊಡುವುದು ನಿಮ್ಮದೇ ಕೆಲಸ. ಕರಡು ಇಲ್ಲದೆ ಹೋದ ಅರ್ಜಿಯ ಮೇಲೆ ಗುಮಾಸ್ತರು ಹಳೆಯ ಯಾವುದೋ ಪತ್ರ ತೆರೆದು ಹೆಸರು ಬದಲಿಸುತ್ತಾರೆ, ಆಗ ಹಳೆಯ ವಿದ್ಯಾರ್ಥಿಯ ದಿನಾಂಕ ಅಥವಾ ‘ಅವನು’ ಎಂಬ ಪದ ಅಲ್ಲೇ ಉಳಿದುಬಿಡುತ್ತದೆ. ಕಾಲೇಜು ಅಂತಿಮ ಪತ್ರವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಕೊಡುತ್ತದೆ. ಹೇಳಬೇಕಾದ ಮಾತು ಮತ್ತು ಅದರ ಕ್ರಮ ಇಷ್ಟು:

> ಉಲ್ಲೇಖ ಸಂಖ್ಯೆ: …  ದಿನಾಂಕ: …
>
> ಇವರಿಗೆ: ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ, (ಕಂಪನಿಯ ಪೂರ್ಣ ಹೆಸರು, ವಿಳಾಸ)
>
> ಉಲ್ಲೇಖ: ತಮ್ಮ ಆಫರ್ ಲೆಟರ್ ದಿನಾಂಕ …
>
> (ಹೆಸರು), ಯುಎಸ್‌ಎನ್ (…), ನಮ್ಮ ಕಾಲೇಜಿನ ಬಿ.ಇ. ಕಂಪ್ಯೂಟರ್ ಸೈನ್ಸ್ 8ನೇ ಸೆಮಿಸ್ಟರ್‌ನ ಪೂರ್ಣಾವಧಿ ವಿದ್ಯಾರ್ಥಿನಿ. ವಿಟಿಯು 2022ರ ಸ್ಕೀಮ್‌ನ ಭಾಗವಾಗಿ 02-02-2026ರಿಂದ 22-05-2026ರವರೆಗೆ ತಮ್ಮ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಕಾಲೇಜಿನ ಆಕ್ಷೇಪಣೆ ಇರುವುದಿಲ್ಲ. ಈ ಅವಧಿಯಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಹಾಜರಾಗಲು ಅವರಿಗೆ ಅನುಮತಿ ನೀಡಬೇಕಾಗಿ ಕೋರುತ್ತೇವೆ. ಕಾಲೇಜಿನ ಕಡೆಯಿಂದ ಮಾರ್ಗದರ್ಶಕರು: (ಹೆಸರು, ಹುದ್ದೆ, ಕಾಲೇಜಿನ ಮೇಲ್ ವಿಳಾಸ).
>
> ಸಹಿ, ಹೆಸರು, ಹುದ್ದೆ, ಕಾಲೇಜಿನ ಮೊಹರು

ವಿಳಾಸದ ಜಾಗದಲ್ಲಿ ‘ಸಂಬಂಧಪಟ್ಟವರಿಗೆ’ ಎಂದು ಹಾಕಿಸಿಕೊಂಡರೆ ಒಂದೇ ಪತ್ರವನ್ನು ಎಲ್ಲ ಕಂಪನಿಗೂ ಕೊಡಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಎಚ್ಚರವಿರುವ ಕಾಲೇಜು ಅಂಥ ಪತ್ರ ಕೊಡುವುದಿಲ್ಲ; ಯಾವ ಕಂಪನಿ ಎಂದು ಗೊತ್ತಿಲ್ಲದೆ ಒಪ್ಪಿಗೆ ಕೊಡುವುದು ಅವರಿಗೆ ಹೊಣೆಗೇಡಿತನ. ಸರ್ಕಾರಿ ಉದ್ಯಮಗಳಲ್ಲಿ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಅದು ನಡೆಯುವುದೂ ಕಡಿಮೆ. ಅಂಥ ಕಡೆ ನಿರ್ದಿಷ್ಟ ಅಧಿಕಾರಿಯ ಹುದ್ದೆಗೇ ಬರೆದ, ಪ್ರಾಂಶುಪಾಲರ ಶಾಯಿ ಸಹಿ ಇರುವ ಮೂಲಪ್ರತಿ ಕೇಳಬಹುದು. ಭದ್ರತೆ ಇರುವ ಆವರಣಗಳಿಗೆ ಪ್ರವೇಶ ಪತ್ರ ಬೇರೆಯೇ ಬೇಕಾಗುತ್ತದೆ, ಅದಕ್ಕೆ ಹೆಚ್ಚಿನ ದಿನ ಹಿಡಿಯುತ್ತದೆ. ಅಲ್ಲಿಗೆ ಹೋಗುವವರು ಈ ಇಡೀ ಕೆಲಸವನ್ನು ಒಂದು ತಿಂಗಳು ಮೊದಲೇ ಶುರುಮಾಡಬೇಕು.

ಮಾರ್ಗದರ್ಶಕರ ಸಾಲನ್ನು ಖಾಲಿ ಬಿಡಬೇಡಿ. ಪರಿಶೀಲನೆಗೆ ಕಂಪನಿ ಮೇಲ್ ಕಳುಹಿಸುವುದು ಆ ವಿಳಾಸಕ್ಕೆ. ಪ್ರಾಂಶುಪಾಲರ ವಿಳಾಸ ಮಾತ್ರ ಇದ್ದರೆ ಮೇಲ್ ನೂರಾರು ಮೇಲ್‌ಗಳ ನಡುವೆ ಓದದೆ ಉಳಿಯುತ್ತದೆ, ‘ಕಾಲೇಜಿನಿಂದ ಉತ್ತರವಿಲ್ಲ’ ಎಂದು ಕಂಪನಿ ಸೇರುವ ದಿನವನ್ನು ಮುಂದೂಡುತ್ತದೆ. ಎನ್‌ಒಸಿ ಕಳುಹಿಸಿದ ದಿನವೇ ಮಾರ್ಗದರ್ಶಕರಿಗೆ ‘ಸರ್, ಇಂಥ ಕಂಪನಿಯಿಂದ ಮೇಲ್ ಬರಬಹುದು’ ಎಂದು ತಿಳಿಸಿಡಿ.

ಕಾಗದ ಓಡಾಡುವ ದಾರಿ

ಹೆಚ್ಚಿನ ಕಾಲೇಜುಗಳಲ್ಲಿ ದಾರಿ ಹೀಗಿರುತ್ತದೆ: ಮೆಂಟರ್ ಅಥವಾ ಇಂಟರ್ನ್‌ಶಿಪ್ ಸಂಯೋಜಕರು, ಎಚ್‌ಒಡಿ, ಪ್ಲೇಸ್‌ಮೆಂಟ್ ವಿಭಾಗ, ಲೆಕ್ಕಪತ್ರ ವಿಭಾಗ, ಕೊನೆಗೆ ಪ್ರಾಂಶುಪಾಲರು. ಲೆಕ್ಕಪತ್ರ ವಿಭಾಗದಲ್ಲಿ ಎಂಟನೇ ಸೆಮಿಸ್ಟರ್ ಶುಲ್ಕ ಕಟ್ಟಿದ ರಸೀದಿ ನೋಡುತ್ತಾರೆ. ವಿದ್ಯಾರ್ಥಿವೇತನದ ಹಣ ಬರಬೇಕಾಗಿದ್ದು ಶುಲ್ಕ ಬಾಕಿ ಕಾಣಿಸುತ್ತಿದ್ದರೆ, ಅರ್ಜಿ ಹಾಕಿದ ದಾಖಲೆಯ ಪ್ರತಿಯನ್ನು ಮೊದಲೇ ಇಟ್ಟುಕೊಂಡು ಹೋಗಿ. ಕೌಂಟರ್‌ನಲ್ಲಿ ನಿಂತು ವಿವರಿಸುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಹಿಂದಿನ ಸೆಮಿಸ್ಟರ್‌ನ ವಿಷಯ ಬಾಕಿ ಇರುವವರಿಗೆ ಎಚ್‌ಒಡಿ ಮೇಜಿನಲ್ಲಿ ಪ್ರಶ್ನೆ ಬರುತ್ತದೆ. ಎನ್‌ಒಸಿ ಕೊಡಬಹುದೇ ಎಂಬುದು ಕಾಲೇಜಿನ ತೀರ್ಮಾನ, ಒಂದೊಂದು ಕಡೆ ಒಂದೊಂದು ರೀತಿ. ಬಾಕಿ ವಿಷಯದ ಪರೀಕ್ಷೆಗೆ ರಜೆ ಕೊಡುವುದಾಗಿ ಕಂಪನಿಯಿಂದ ಒಂದು ಮೇಲ್ ತರಿಸಿಕೊಂಡು ಅರ್ಜಿಗೆ ಲಗತ್ತಿಸಿದರೆ ಮಾತು ಬೇಗ ಮುಗಿಯುತ್ತದೆ.

ಅರ್ಜಿಯ ಎರಡು ಪ್ರತಿ ಮಾಡಿ. ಕಚೇರಿಗೆ ಒಂದು ಕೊಟ್ಟು ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಕಾಗದ ಕಳೆದುಹೋಯಿತು ಎಂದಾಗ ಹುಡುಕುವುದು ಆ ಸಂಖ್ಯೆಯಿಂದ. ಎನ್‌ಒಸಿ ಕೈಗೆ ಬಂದಾಗ ಅದರ ಮೇಲೆ ಜಾವಕ ಸಂಖ್ಯೆಯೂ ದಿನಾಂಕವೂ ಇದೆಯೇ ನೋಡಿ. ಸಹಿ ಇದ್ದು ಉಲ್ಲೇಖ ಸಂಖ್ಯೆ ಇಲ್ಲದ ಪತ್ರವನ್ನು ಕಂಪನಿ ಕಾಲೇಜಿಗೆ ತೋರಿಸಿದರೆ, ಅದು ತಮ್ಮ ದಾಖಲೆಯಲ್ಲಿಲ್ಲ ಎಂದು ಕಚೇರಿಯೇ ಹೇಳಿಬಿಡಬಹುದು. ಅಲ್ಲೇ ನಿಂತು ಹೆಸರು, ಯುಎಸ್‌ಎನ್, ಎರಡು ದಿನಾಂಕ, ಕಂಪನಿಯ ಹೆಸರು ಓದಿಕೊಳ್ಳಿ. ತಪ್ಪಿದ್ದರೆ ಆಗಲೇ ಹೇಳಿ. ಬಿಳಿ ಬಣ್ಣ ಬಳಿದು ತಿದ್ದಿದ ಪತ್ರವನ್ನು ಒಪ್ಪಬೇಡಿ, ಹೊಸದಾಗಿ ಮುದ್ರಿಸಿಕೊಡಲು ಕೇಳಿ.

ಎನ್‌ಒಸಿ ಸಿಕ್ಕಿತೆಂದರೆ ವಿಶ್ವವಿದ್ಯಾಲಯದ ಮಟ್ಟದ ನೋಂದಣಿಯೂ ಆಯಿತು ಎಂದಲ್ಲ. ಎಂಟನೇ ಸೆಮಿಸ್ಟರ್‌ಗೆ ನೋಂದಣಿ, ಇಂಟರ್ನ್‌ಶಿಪ್ ವಿವರವನ್ನು ಕಾಲೇಜು ಹೇಳಿದ ಪೋರ್ಟಲ್‌ನಲ್ಲಿ ತುಂಬುವುದು, ಮಾರ್ಗದರ್ಶಕರ ನೇಮಕ, ಇವು ಬೇರೆ ಕೆಲಸಗಳು. ಪೋರ್ಟಲ್‌ನಲ್ಲಿ ತುಂಬುವ ದಿನಾಂಕಗಳೂ ಅದೇ 02-02-2026 ಮತ್ತು 22-05-2026 ಆಗಿರಬೇಕು. ಇಂಟರ್ನ್‌ಶಿಪ್ ಮುಗಿದಾಗ ಬರುವ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ದಿನಾಂಕ ಕಂಡರೆ ಮೌಲ್ಯಮಾಪನದ ಹೊತ್ತಿಗೆ ತಕರಾರು ಏಳುತ್ತದೆ.

ಪೋಷಕರ ಒಪ್ಪಿಗೆ, ಮುಚ್ಚಳಿಕೆ

ಕಾಲೇಜು ಕೇಳುವ ಮುಚ್ಚಳಿಕೆಯಲ್ಲಿ ವಿದ್ಯಾರ್ಥಿ ಕಂಪನಿಯ ಶಿಸ್ತಿಗೆ ಬದ್ಧ, ಪ್ರಯಾಣ ಮತ್ತು ವಸತಿಯ ಖರ್ಚು ತನ್ನದೇ, ಮಾರ್ಗದರ್ಶಕರೊಂದಿಗೆ ಸಂಪರ್ಕದಲ್ಲಿರುತ್ತೇನೆ ಎಂಬ ಮಾತುಗಳಿರುತ್ತವೆ. ಇಂಟರ್ನ್‌ಶಿಪ್‌ನ ಖರ್ಚನ್ನು ವಿಶ್ವವಿದ್ಯಾಲಯ ಭರಿಸುವುದಿಲ್ಲ, ಹಾಗಾಗಿ ಪೋಷಕರು ಇದನ್ನು ಓದಿಯೇ ಸಹಿ ಹಾಕಬೇಕು. ಊರಿಗೆ ಹೋಗಿ ಬರಲು ಆಗದಿದ್ದರೆ, ಫಾರಂ ಕಳುಹಿಸಿ ಸಹಿ ಮಾಡಿಸಿ ಸ್ಕ್ಯಾನ್ ತರಿಸಿಕೊಳ್ಳಬಹುದೇ ಎಂದು ಸಂಯೋಜಕರನ್ನು ಕೇಳಿ. ಪೋಷಕರ ಸಹಿಯನ್ನು ತಾನೇ ಹಾಕಿಬಿಡುವುದು ದೊಡ್ಡ ತಪ್ಪು. ಕಾಲೇಜಿನಿಂದ ಪೋಷಕರಿಗೆ ಕರೆ ಹೋಗುತ್ತದೆ, ಅವರಿಗೆ ವಿಷಯವೇ ಗೊತ್ತಿಲ್ಲದಿದ್ದರೆ ಎನ್‌ಒಸಿ ಅಲ್ಲಿಗೆ ನಿಲ್ಲುತ್ತದೆ.

ಸ್ಟ್ಯಾಂಪ್ ಪೇಪರ್ ಕೇಳಿದರೆ ಎಷ್ಟು ಮೌಲ್ಯದ್ದು ಎಂದು ಕಚೇರಿಯಲ್ಲೇ ಬರೆಸಿಕೊಂಡು ಹೋಗಿ. ಇ-ಸ್ಟ್ಯಾಂಪ್ ಕೊಳ್ಳುವಾಗ ಮೊದಲನೇ ಪಕ್ಷ, ಎರಡನೇ ಪಕ್ಷ ಎಂದು ಹೆಸರು ಕೇಳುತ್ತಾರೆ. ಮೊದಲನೆಯದರಲ್ಲಿ ವಿದ್ಯಾರ್ಥಿನಿಯ ಹೆಸರು, ಎರಡನೆಯದರಲ್ಲಿ ಪ್ರಾಂಶುಪಾಲರ ಹುದ್ದೆ ಹಾಗೂ ಕಾಲೇಜು. ಇದು ಅದಲು ಬದಲಾದರೆ ಅಥವಾ ತಂದೆಯ ಹೆಸರಿನಲ್ಲಿ ಮುದ್ರಣವಾದರೆ ಕಾಗದವನ್ನು ತಿದ್ದಲು ಬರುವುದಿಲ್ಲ, ಹೊಸದು ಕೊಳ್ಳಬೇಕು. ಹಾಸ್ಟೆಲ್‌ನಲ್ಲಿರುವವರು ವಾರ್ಡನ್‌ರಿಂದ ಹೊರಗಿರುವ ಅವಧಿಯ ಅನುಮತಿ ಅಥವಾ ಕೋಣೆ ಬಿಡುವ ನೋ ಡ್ಯೂ ಪತ್ರವನ್ನೂ ಈ ವಾರದಲ್ಲೇ ಮುಗಿಸಿಕೊಳ್ಳಿ.

ಕಂಪನಿಯಾಗಲಿ ಕಾಲೇಜಾಗಲಿ ಅಪಘಾತ ವಿಮೆ ಕೇಳುವುದುಂಟು. ಬ್ಯಾಂಕ್ ಖಾತೆಯ ಮೂಲಕ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18 ವರ್ಷ ದಾಟಿದವರು ಸೇರಬಹುದು. ವರ್ಷಕ್ಕೆ 20 ರೂಪಾಯಿ, 2 ಲಕ್ಷದವರೆಗೆ ರಕ್ಷಣೆ. ಇದು ಸಾಕೇ ಎಂದು ಕೇಳಿದವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಇದರ ವರ್ಷ ಮೇ 31ಕ್ಕೆ ಮುಗಿಯುತ್ತದೆ. ನಮ್ಮ ವಿದ್ಯಾರ್ಥಿನಿಗೆ ತೊಂದರೆ ಇಲ್ಲ. ಜೂನ್‌ಗೂ ಮುಂದುವರಿಯುವವರು ಖಾತೆಯಲ್ಲಿ ನವೀಕರಣದ ಹಣ ಇಟ್ಟಿರಬೇಕು.

ಕಂಪನಿಯ ಫಾರಂಗಳು

ಗುರುತಿಗೆ ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು myaadhaar.uidai.gov.in ನಿಂದ ಇಳಿಸಿಕೊಂಡು ಅದನ್ನೇ ಮೊದಲು ಕೊಡಿ. ಪ್ಯಾನ್ ಇಲ್ಲದಿದ್ದರೆ, ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದವರಿಗೆ incometax.gov.in ನಲ್ಲಿ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ. ಸ್ಟೈಪೆಂಡ್ ಬರುವ ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿ, ಚಾಲ್ತಿಯಲ್ಲಿರಬೇಕು. ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಆಮೇಲೆ ಮುಟ್ಟದ ಖಾತೆ ನಿಷ್ಕ್ರಿಯವಾಗಿರುವ ಸಾಧ್ಯತೆ ಹೆಚ್ಚು. ಶಾಖೆಗೆ ಹೋಗಿ ಕೆವೈಸಿ ಮಾಡಿಸಿ ಸರಿಮಾಡಿಕೊಳ್ಳಿ.

ಮೂಲ ಮಾರ್ಕ್ಸ್ ಕಾರ್ಡುಗಳನ್ನು ತೋರಿಸಿ, ಪ್ರತಿ ಕೊಡಿ. ಮೂಲವನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಸಹಿ ಹಾಕುವ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಯೊಂದಿಗೆ ಮಾತಾಡಿ. ಇಂಟರ್ನ್‌ಶಿಪ್ ಆದ ಮೇಲೆ ಇಷ್ಟು ವರ್ಷ ಅಲ್ಲೇ ದುಡಿಯಬೇಕು, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಷರತ್ತು ಫಾರಂಗಳ ನಡುವೆ ಸೇರಿಕೊಂಡಿದ್ದರೂ ಹಾಗೆಯೇ. ಅದು ಇಂಟರ್ನ್‌ಶಿಪ್ ಫಾರಂ ಅಲ್ಲ, ಉದ್ಯೋಗದ ಕರಾರು. ಮನೆಯವರು ಓದದೆ ಅದಕ್ಕೆ ಸಹಿ ಹಾಕಬಾರದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಗೋಪ್ಯತಾ ಒಪ್ಪಂದ, ಅಂದರೆ ಎನ್‌ಡಿಎ. ಕಂಪನಿಯ ಮಾಹಿತಿಯನ್ನು ಹೊರಗೆ ಹೇಳುವುದಿಲ್ಲ ಎಂದು ಅದರಲ್ಲಿ ಒಪ್ಪುತ್ತೀರಿ. ಅತ್ತ ಕಾಲೇಜಿಗೆ ಇಂಟರ್ನ್‌ಶಿಪ್ ವರದಿ ಕೊಡಬೇಕು, ವೈವಾದಲ್ಲಿ ಮಾಡಿದ ಕೆಲಸ ವಿವರಿಸಬೇಕು. ಎನ್‌ಡಿಎಯನ್ನು ಓದದೆ ಸಹಿ ಹಾಕಿದವರಿಗೆ ಮೇ ತಿಂಗಳಲ್ಲಿ ಇದು ಅರಿವಾಗುತ್ತದೆ: ವರದಿಯಲ್ಲಿ ಸ್ಕ್ರೀನ್‌ಶಾಟ್ ಹಾಕುವಂತಿಲ್ಲ, ಕೋಡ್ ತೋರಿಸುವಂತಿಲ್ಲ, ಗ್ರಾಹಕರ ಹೆಸರು ಬರೆಯುವಂತಿಲ್ಲ. ಸಹಿಗೆ ಮುನ್ನವೇ ಎಚ್‌ಆರ್‌ಗೆ ಮೇಲ್ ಬರೆಯಿರಿ: ‘ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕಾಗಿ ವರದಿ ಸಲ್ಲಿಸಬೇಕಿದೆ. ಮೇಲ್ವಿಚಾರಕರು ನೋಡಿ ಒಪ್ಪಿದ ವರದಿಯನ್ನು ಕಾಲೇಜಿಗೆ ನೀಡಲು ಅನುಮತಿ ಇದೆಯೇ? ದಯವಿಟ್ಟು ತಿಳಿಸಿ.’ ಬಂದ ಉತ್ತರವನ್ನು ಮಾರ್ಗದರ್ಶಕರಿಗೂ ಕಳುಹಿಸಿ. ಅನುಮತಿ ಇಲ್ಲ ಎಂದೇ ಬಂದರೆ, ವರದಿಯನ್ನು ತಂತ್ರಜ್ಞಾನ ಮತ್ತು ವಿಧಾನದ ಮಟ್ಟಕ್ಕೆ ಸೀಮಿತಗೊಳಿಸಿ ಬರೆಯುವುದು ಹೇಗೆ ಎಂದು ಮಾರ್ಗದರ್ಶಕರು ಫೆಬ್ರವರಿಯಲ್ಲೇ ಹೇಳಬಲ್ಲರು.

ನಾಲ್ಕು ವಾರದ ಲೆಕ್ಕ

ಉದಾಹರಣೆಯ ವಿದ್ಯಾರ್ಥಿನಿ ಜನವರಿ 5ರಂದೇ ದಿನಾಂಕ ತಿದ್ದಿಕೊಡಲು ಕಂಪನಿಗೆ ಬರೆಯುತ್ತಾಳೆ. ಉತ್ತರ ಬರುವವರೆಗೆ ಸುಮ್ಮನಿರದೆ ಶುಲ್ಕದ ರಸೀದಿ, ಮಾರ್ಕ್ಸ್ ಕಾರ್ಡ್ ಪ್ರತಿ, ಪೋಷಕರ ಒಪ್ಪಿಗೆ ಜೋಡಿಸಿಕೊಳ್ಳುತ್ತಾಳೆ. 9ರ ಹೊತ್ತಿಗೆ ತಿದ್ದಿದ ಆಫರ್ ಲೆಟರ್ ಕೈಗೆ ಬಂದರೆ ಅರ್ಜಿ 12ನೇ ತಾರೀಖು ಸೋಮವಾರ ಮೆಂಟರ್ ಕೈ ಸೇರುತ್ತದೆ. ಹಬ್ಬದ ವಾರದಲ್ಲಿ ಎಚ್‌ಒಡಿ ಸಹಿ ಮಾತ್ರ ಆಗಬಹುದು, ಅಷ್ಟಕ್ಕೇ ಲೆಕ್ಕ ಇಟ್ಟುಕೊಳ್ಳಬೇಕು. 19ರಿಂದ 22ರೊಳಗೆ ಪ್ಲೇಸ್‌ಮೆಂಟ್, ಲೆಕ್ಕಪತ್ರ, ಪ್ರಾಂಶುಪಾಲರ ಸಹಿ. 23ರ ಶುಕ್ರವಾರ ಎನ್‌ಒಸಿ ಸ್ಕ್ಯಾನ್ ಆಗಿ ಕಂಪನಿಗೆ ಹೋಗುತ್ತದೆ, ಮೂಲಪ್ರತಿ ಫೈಲಿನಲ್ಲಿ ಉಳಿಯುತ್ತದೆ. 27ರಿಂದ 30ರವರೆಗಿನ ದಿನಗಳು ಪರಿಶೀಲನೆಯ ಪ್ರಶ್ನೆಗಳಿಗೆ, ಎನ್‌ಡಿಎಗೆ, ಪೋರ್ಟಲ್ ನೋಂದಣಿಗೆ.

ಇಷ್ಟೆಲ್ಲ ಆದ ಮೇಲೂ ಕಂಪನಿ ಸೇರುವ ದಿನವನ್ನು ಫೆಬ್ರವರಿ 9ಕ್ಕೆ ಬದಲಿಸಬಹುದು. ಆಗ ಹಳೆಯ ಎನ್‌ಒಸಿ ಸಾಕು ಎಂದುಕೊಂಡು ಹೋಗಬೇಡಿ. 9ರಿಂದ ಮೇ 22ರವರೆಗೆ 15 ವಾರ ಸಿಗುತ್ತದೆ, ಕನಿಷ್ಠ ಅವಧಿಗೆ ಕೊರತೆ ಇಲ್ಲ. ಆದರೂ ಕಾಗದ ಬದಲಾಗಬೇಕು. ಕಂಪನಿಯ ಮೇಲ್‌ನ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಚಿಕ್ಕ ಅರ್ಜಿ ಕೊಡಿ, ಹಳೆಯ ಪತ್ರದ ಜಾವಕ ಸಂಖ್ಯೆಯನ್ನು ಅದರಲ್ಲಿ ಉಲ್ಲೇಖಿಸಿ, ಅದರ ಬದಲಿಗೆ ಪರಿಷ್ಕೃತ ಪತ್ರ ಕೇಳಿ. ಹಳೆಯ ದಾಖಲೆ ಇರುವುದರಿಂದ ಎರಡನೆಯ ಬಾರಿ ಎಲ್ಲ ಮೇಜುಗಳನ್ನೂ ಸುತ್ತಬೇಕಾಗಿ ಬರುವುದು ಕಡಿಮೆ. ಪರಿಷ್ಕೃತ ಪತ್ರ ಬಂದ ದಿನವೇ ಪೋರ್ಟಲ್‌ನ ದಿನಾಂಕ ತಿದ್ದಿಸಿ, ಮಾರ್ಗದರ್ಶಕರಿಗೆ ಒಂದು ಪ್ರತಿ ಕಳುಹಿಸಿ, ಕಂಪನಿಯಲ್ಲಿ ಹಳೆಯ ಪತ್ರವನ್ನು ತೆಗೆದು ಹೊಸದನ್ನು ಸೇರಿಸಿಕೊಳ್ಳಲು ಹೇಳಿ.